ಟೆಸ್ಟ್‌ನಲ್ಲಿ 99%, ತೋಟದಲ್ಲಿ ಎಷ್ಟು? ಅಂತಿಮ ವರ್ಷದ ವಿದ್ಯಾರ್ಥಿಗೆ ಪ್ರಶ್ನೋತ್ತರ ರೂಪದ ಪತ್ರ

ನಿನ್ನ ಪ್ರಾಜೆಕ್ಟ್ ವರದಿ ಓದಿದೆ. ಎಲೆಯ ಚಿತ್ರ ನೋಡಿ ರೋಗ ಹೇಳುವ ಮಾಡೆಲ್, ಪ್ಲಾಂಟ್‌ವಿಲೇಜ್ ಎಂಬ ಡೇಟಾಸೆಟ್ಟಿನ ಚಿತ್ರಗಳು, 38 ವರ್ಗಗಳು, 99%ಕ್ಕೂ ಮೇಲಿನ ಟೆಸ್ಟ್ ಅಕ್ಯುರಸಿ. ಮೊದಲ ಪುಟದಲ್ಲೇ ‘ಕೋಲಾರದ ಟೊಮೆಟೊ ಬೆಳೆಗಾರರಿಗೆ ನೆರವಾಗುವ ಆ್ಯಪ್’ ಎಂಬ ಸಾಲಿದೆ. ಕೋಡ್ ಸರಿಯಾಗಿದೆ, ಸಂಖ್ಯೆಯನ್ನೂ ನೀನು ತಿದ್ದಿಲ್ಲ. ಆದರೂ ಆ 99%ಕ್ಕೂ ಈ ಸಾಲಿಗೂ ಸಂಬಂಧ ಬಹಳ ಕಡಿಮೆ. ಅದಕ್ಕೇ ವರದಿಯ ಮೇಲೆ ‘ಅಕ್ಯುರಸಿ ದಾರಿ ತಪ್ಪಿಸುತ್ತಿದೆ’ ಎಂದು ಷರಾ ಬರೆದೆ. ಇದೇ ಡೇಟಾಸೆಟ್ ಹಿಡಿಯುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಕಾರಣಗಳನ್ನು ಪ್ರಶ್ನೆಗಳ ಕ್ರಮದಲ್ಲೇ ಬರೆದಿದ್ದೇನೆ.

### ಸರ್, ಟೆಸ್ಟ್ ಚಿತ್ರಗಳನ್ನು ಮಾಡೆಲ್ ನೋಡಿಯೇ ಇಲ್ಲ. ಬೇರೆ ಫೋಲ್ಡರ್‌ನಲ್ಲಿದ್ದವು. ಮತ್ತೆ ತಪ್ಪೆಲ್ಲಿ?

ಫೋಲ್ಡರ್ ಬೇರೆ ಇತ್ತು, ಎಲೆ ಬೇರೆ ಇರಲಿಲ್ಲ. ನೀನು ಕ್ಯಾಗಲ್‌ನಿಂದ ಇಳಿಸಿಕೊಂಡಿರುವುದು ಮೂಲ ಪ್ಲಾಂಟ್‌ವಿಲೇಜ್ ಅಲ್ಲ, ಅದರಿಂದ ಮತ್ತೆ ತಯಾರಿಸಿದ ‘ನ್ಯೂ ಪ್ಲಾಂಟ್ ಡಿಸೀಸಸ್’ ಎಂಬ ಕಟ್ಟು. ಮೂಲದಲ್ಲಿ ಸುಮಾರು 54,300 ಚಿತ್ರಗಳಿದ್ದರೆ ಇದರಲ್ಲಿ ಸುಮಾರು 87,900 ಇವೆ: `train` ಫೋಲ್ಡರ್‌ನಲ್ಲಿ 70,295, ನೀನು ಟೆಸ್ಟ್‌ಗೆ ಬಳಸಿದ `valid` ಫೋಲ್ಡರ್‌ನಲ್ಲಿ 17,572. ಹೆಚ್ಚುವರಿ 33 ಸಾವಿರ ಹೊಸ ಎಲೆಗಳಲ್ಲ. ಇದ್ದ ಚಿತ್ರಗಳನ್ನೇ ತಿರುಗಿಸಿ, ಮಗುಚಿ ಮಾಡಿದ ನಕಲುಗಳು.

ಆರೋಗ್ಯವಂತ ಆಲೂಗಡ್ಡೆ ಎಲೆಯ ವರ್ಗವನ್ನೇ ತೆಗೆದುಕೋ. ಮೂಲದಲ್ಲಿ ಇರುವುದು 152 ಚಿತ್ರ. ನಿನ್ನ ಕಟ್ಟಿನಲ್ಲಿ `train`ನಲ್ಲಿ 1,824, `valid`ನಲ್ಲಿ 456, ಒಟ್ಟು 2,280. ಅಂದರೆ 152ರ ಸರಿಯಾಗಿ 15 ಪಟ್ಟು. ಹೀಗೆ ನಕಲು ಮಾಡಿದ ಮೇಲೆ ಚೀಟಿ ಎತ್ತಿದಂತೆ 80ಕ್ಕೆ 20 ಭಾಗಿಸಿದರೆ, ಒಂದು ಮೂಲ ಚಿತ್ರದ ಹದಿನೈದು ರೂಪಗಳಲ್ಲಿ ಸರಾಸರಿ ಹನ್ನೆರಡು ಈಚೆಗೆ, ಮೂರು ಆಚೆಗೆ ಬೀಳುತ್ತವೆ. ಟೆಸ್ಟ್‌ನಲ್ಲಿ ಕಾಣುವ ಪ್ರತಿ ಎಲೆಯ ಅಣ್ಣತಮ್ಮಂದಿರು ಟ್ರೈನಿಂಗ್‌ನಲ್ಲಿ ಇದ್ದೇ ಇರುತ್ತಾರೆ. ಮಾಡೆಲ್‌ಗೆ ರೋಗ ಗೊತ್ತಿರಬೇಕಿಲ್ಲ, ಎಲೆಯ ಗುರುತು ಸಿಕ್ಕರೆ ಸಾಕು.

ನಿನ್ನ ಪ್ರತಿಯಲ್ಲಿ ಹೀಗಾಗಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಫೈಲ್ ಹೆಸರಿನಲ್ಲಿ ಮೂರು ಅಡಿಗೆರೆಗಳ ಹಿಂದಿರುವ ಉದ್ದನೆಯ ಸಂಕೇತ ಮೂಲ ಚಿತ್ರದ್ದು. ನಕಲು ಮಾಡುವಾಗ ಹೆಸರಿನ ಬಾಲಕ್ಕೆ `_270deg`, `_flipLR` ಎಂಬಂಥದ್ದು ಸೇರಿದೆಯೇ ಹೊರತು ಮೊದಲ ಭಾಗ ಬದಲಾಗಿಲ್ಲ.

```python
from pathlib import Path

def ids(d):
    return {p.name.split("___")[0]
            for p in Path(d).rglob("*") if p.is_file()}

a, b = ids("train"), ids("valid")
print(len(a & b), len(b))
```

ಮೊದಲ ಸಂಖ್ಯೆ ಸೊನ್ನೆ ಬರಬೇಕು. ಸೊನ್ನೆ ಬರದಿದ್ದರೆ ಎರಡೂ ಕಡೆ ಇರುವ ಮೂಲ ಚಿತ್ರಗಳು ಎಷ್ಟು ಎಂಬುದೇ ಆ ಸಂಖ್ಯೆ.

### ಅದೇ ಕಟ್ಟಿನಲ್ಲಿ ಪ್ರತ್ಯೇಕ ‘ಟೆಸ್ಟ್’ ಫೋಲ್ಡರ್ ಇದೆಯಲ್ಲ? ಅದರಲ್ಲಿ 33ಕ್ಕೆ 33 ಸರಿ ಬಂತು.

ಆ 33 ಚಿತ್ರಗಳ ಫೈಲ್ ಹೆಸರುಗಳನ್ನು ಓದು. ಸೇಬಿನ ಎರಡು ರೋಗ, ಮೆಕ್ಕೆಜೋಳದ ಒಂದು, ಆಲೂಗಡ್ಡೆಯ ಎರಡು ವರ್ಗ, ಟೊಮೆಟೊದ ಮೂರು, ಅಷ್ಟೆ. 38 ವರ್ಗಗಳಲ್ಲಿ 30ರ ಬಗ್ಗೆ ಆ ಫೋಲ್ಡರ್‌ನಲ್ಲಿ ಒಂದು ಚಿತ್ರವೂ ಇಲ್ಲ. ಮೇಲಾಗಿ, 33ರಲ್ಲಿ ಒಂದೂ ತಪ್ಪಾಗದಿದ್ದರೂ ನಿಜವಾದ ತಪ್ಪಿನ ಪ್ರಮಾಣ 9%ರವರೆಗೆ ಇರಬಹುದು: ಒಂದೂ ತಪ್ಪು ಕಾಣದಾಗ 3ನ್ನು ಚಿತ್ರಗಳ ಸಂಖ್ಯೆಯಿಂದ ಭಾಗಿಸುವುದು ರೂಢಿಯ ಅಂದಾಜು, ಇಲ್ಲಿ 3 ಭಾಗಿಸು 33. ಆ ಸಾಲನ್ನು ವರದಿಯಿಂದ ತೆಗೆದುಬಿಡು.

### ಸರಿ, ಮೂಲ ಡೇಟಾಸೆಟ್ ತೆಗೆದುಕೊಂಡು, ಮೊದಲು ಭಾಗಿಸಿ ಆಮೇಲೆ ನಕಲು ಮಾಡಿದರೆ ಸಮಸ್ಯೆ ಮುಗಿಯಿತಲ್ಲ?

ಮೊದಲ ಸಮಸ್ಯೆ ಮಾತ್ರ, ಅದೂ ಪೂರ್ತಿಯಾಗಿ ಅಲ್ಲ. ಮೂಲದಲ್ಲೂ ಒಂದೇ ಎಲೆಯನ್ನು ಬೇರೆ ಬೇರೆ ಕೋನದಲ್ಲಿ ತೆಗೆದ ಹಲವು ಫೋಟೊಗಳಿವೆ. ಅವುಗಳ ಸಂಕೇತಗಳು ಬೇರೆ ಬೇರೆ, ಹಾಗಾಗಿ ಮೇಲಿನ ಕೋಡ್‌ಗೆ ಸಿಗುವುದಿಲ್ಲ. ಯಾವ ಫೋಟೊ ಯಾವ ಎಲೆಯದು ಎಂಬ ಪಟ್ಟಿ ಡೇಟಾಸೆಟ್‌ನ ಗಿಟ್‌ಹಬ್ ಪುಟದಲ್ಲಿ `leaf_grouping` ಫೋಲ್ಡರ್‌ನಲ್ಲಿದೆ. ಎಲ್ಲಕ್ಕೂ ಇಲ್ಲ, 54,306ರಲ್ಲಿ 41,112 ಚಿತ್ರಗಳಿಗೆ ಮಾತ್ರ ಆ ಹೊಂದಿಕೆ ಗೊತ್ತು. ಭಾಗಿಸುವಾಗ ಎಲೆಯನ್ನೇ ಗುಂಪಾಗಿ ಕೊಟ್ಟು ಸೈಕಿಟ್-ಲರ್ನ್‌ನ `GroupShuffleSplit` ಬಳಸು.

ಈಗ ನಿರಾಸೆಯ ಮಾತು. ಇಷ್ಟೆಲ್ಲ ಮಾಡಿದ ಮೇಲೂ ನಿನ್ನ ಅಕ್ಯುರಸಿ ಬಹುಶಃ ಹೆಚ್ಚು ಇಳಿಯುವುದಿಲ್ಲ, ಅದನ್ನು ನೋಡಿ ‘ನನ್ನ ಮಾಡೆಲ್ ಗಟ್ಟಿ’ ಎಂದುಕೊಳ್ಳುವ ಅಪಾಯವೇ ಹೆಚ್ಚು. ಈ ಡೇಟಾಸೆಟ್ಟಿಗೆ ಹೆಸರು ತಂದ 2016ರ ಪ್ರಬಂಧದಲ್ಲಿ ಮೊಹಾಂತಿ, ಹ್ಯೂಸ್ ಮತ್ತು ಸಲಾತೆ ಒಂದೇ ಎಲೆಯ ಚಿತ್ರಗಳು ಎರಡೂ ಕಡೆ ಹೋಗದಂತೆ ನೋಡಿಕೊಂಡಿದ್ದರು. ಆದರೂ ಅವರ ಅತ್ಯುತ್ತಮ ಮಾಡೆಲ್ಲಿಗೆ 99.35% ಬಂತು. ಅದೇ ಪ್ರಬಂಧದಲ್ಲಿ, ಎಲ್ಲರೂ ಎತ್ತಿ ಬರೆಯದ ಇನ್ನೊಂದು ಸಂಖ್ಯೆ ಇದೆ. ಬೇರೆ ಪರಿಸ್ಥಿತಿಯಲ್ಲಿ ತೆಗೆದ, ಅಂತರ್ಜಾಲದ ನಂಬಲರ್ಹ ಮೂಲಗಳಿಂದ ಆಯ್ದ ಚಿತ್ರಗಳನ್ನು ಕೊಟ್ಟಾಗ ಅಕ್ಯುರಸಿ 31%ಕ್ಕಿಂತ ತುಸು ಮೇಲಿನ ಮಟ್ಟಕ್ಕೆ ಇಳಿಯಿತು. ಕಣ್ಣುಮುಚ್ಚಿ ಊಹಿಸಿದರೆ 38ರಲ್ಲಿ ಒಂದು, ಅಂದರೆ 2.6% ಸಿಗುತ್ತದೆ, ಹಾಗಾಗಿ 31% ಏನೂ ಕಲಿತಿಲ್ಲ ಎಂದಲ್ಲ. ಆದರೆ ಮೂರರಲ್ಲಿ ಎರಡು ಸಲ ತಪ್ಪು ಹೇಳುವ ಆ್ಯಪ್ ನೋಡಿ ಯಾರೂ ಔಷಧಿ ಹೊಡೆಯಲಾರರು. ಪ್ರಬಂಧ ಬರೆದವರು ಇದನ್ನು ಮುಚ್ಚಿಡಲಿಲ್ಲ. ಅವರನ್ನು ಉಲ್ಲೇಖಿಸುವ ಪ್ರಾಜೆಕ್ಟ್ ವರದಿಗಳು ಮೊದಲ ಸಂಖ್ಯೆಯನ್ನಷ್ಟೇ ಹೊತ್ತು ತರುತ್ತವೆ.

### ಟೆಸ್ಟ್‌ನ ಎಲೆ ಟ್ರೈನಿಂಗ್‌ಗೆ ಸೋರದಿದ್ದರೂ 99% ಬರುತ್ತದೆ ಎಂದರೆ, ಮಾಡೆಲ್ ನೋಡುತ್ತಿರುವುದಾದರೂ ಏನನ್ನು?

ಬಹುಪಾಲು ಎಲೆಯನ್ನೇ ಇರಬಹುದು, ಆದರೆ ಎಲೆ ನೋಡದೆಯೂ ಸಾಕಷ್ಟು ಅಂಕ ಸಿಗುತ್ತದೆ. ಪ್ಲಾಂಟ್‌ವಿಲೇಜ್‌ನ ಎಲೆಗಳನ್ನು ಗಿಡದಿಂದ ಕಿತ್ತು, ಬೂದು ಅಥವಾ ಕಪ್ಪು ಹಾಳೆಯ ಮೇಲಿಟ್ಟು, ಅಮೆರಿಕದ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಫೋಟೊ ತೆಗೆದಿದ್ದಾರೆ. ಒಂದು ರೋಗದ ಎಲೆಗಳು ಸಿಕ್ಕ ದಿನ, ಸಿಕ್ಕ ಜಾಗದಲ್ಲಿ ಸಾಲಾಗಿ ತೆಗೆದ ಚಿತ್ರಗಳಿವು. ಆ ದಿನದ ಬೆಳಕು, ಆ ಹಾಳೆಯ ಬಣ್ಣ, ನೆರಳು ಬಿದ್ದ ದಿಕ್ಕು ಎಲ್ಲವೂ ಆ ರೋಗದ ಹೆಸರಿನ ಜೊತೆಗೇ ಅಂಟಿಕೊಂಡಿವೆ.

2022ರಲ್ಲಿ ನೊಯಾನ್ ಎಂಬ ಸಂಶೋಧಕರು ಇದನ್ನು ಅಳೆದರು. ಪ್ರತಿ ಚಿತ್ರದಿಂದ ಎಂಟೇ ಎಂಟು ಪಿಕ್ಸೆಲ್: ನಾಲ್ಕು ಮೂಲೆ, ನಾಲ್ಕು ಅಂಚುಗಳ ನಡುಬಿಂದು. ಎಲೆ ಹೆಚ್ಚಾಗಿ ನಡುವಿನಲ್ಲಿರುವುದರಿಂದ ಈ ಎಂಟೂ ಹಿನ್ನೆಲೆಯವು. ಈ ಎಂಟು ಚುಕ್ಕೆಗಳ ಬಣ್ಣವನ್ನಷ್ಟೇ ಕೊಟ್ಟು ಕಲಿಸಿದ ಮಾಡೆಲ್ 49% ಸರಿ ಹೇಳಿತು. ರೋಗದ ಒಂದು ಕಲೆಯನ್ನೂ ನೋಡದೆ 38 ವರ್ಗಗಳಲ್ಲಿ ಅರ್ಧದಷ್ಟು ಸಲ ಸರಿ!

ಈ ಪ್ರಯೋಗಕ್ಕೆ ಜಿಪಿಯು ಬೇಡ, ನಿನ್ನ ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ.

```python
import numpy as np
from PIL import Image

def eight(path):
    im = Image.open(path).convert("RGB").resize((256, 256))
    a = np.asarray(im)
    m, e = 128, 255
    pts = [(0,0),(0,m),(0,e),(m,0),(m,e),(e,0),(e,m),(e,e)]
    return [v for y, x in pts for v in a[y, x]]
```

ಒಂದು ಚಿತ್ರಕ್ಕೆ 24 ಸಂಖ್ಯೆಗಳು ಬರುತ್ತವೆ. ಅವನ್ನು `RandomForestClassifier(n_estimators=200)`ಗೆ ಕೊಟ್ಟು, ನಿನ್ನ ಮುಖ್ಯ ಮಾಡೆಲ್‌ಗೆ ಬಳಸಿದ ಅದೇ ಭಾಗದಲ್ಲಿ ಟೆಸ್ಟ್ ಮಾಡು. ಬಂದ ಅಂಕಿಯನ್ನು ನಿನ್ನ 99%ದ ಪಕ್ಕದಲ್ಲೇ, ಅದೇ ಕೋಷ್ಟಕದಲ್ಲಿ ಬರೆ. ಹೋಲಿಕೆಯ ತಳಮಟ್ಟ 2.6% ಎಂದು ನೀನು ಬರೆದಿದ್ದೀಯ. ಈ ಡೇಟಾಸೆಟ್ಟಿನಲ್ಲಿ ನಿಜವಾದ ತಳಮಟ್ಟ ಈ ಅಂಕಿ.

ಟ್ರೈನಿಂಗ್‌ಗೆ ನಕಲು ಮಾಡಿದ ಚಿತ್ರಗಳನ್ನು ಇಲ್ಲಿ ಸೇರಿಸಬೇಡ. ತಿರುಗಿಸಿದಾಗ ಮೂಲೆಗಳಲ್ಲಿ ಖಾಲಿ ಬಿದ್ದ ಜಾಗಕ್ಕೆ ತುಂಬಿದ ಬಣ್ಣ ಫಲಿತಾಂಶವನ್ನು ಕಲಕುತ್ತದೆ.

### ಇನ್ನೂ ಹೆಚ್ಚು ಸಲ ಯಾದೃಚ್ಛಿಕವಾಗಿ ಭಾಗಿಸಿ, ಹತ್ತು ಮಡಿಕೆಯ ಕ್ರಾಸ್ ವ್ಯಾಲಿಡೇಶನ್ ಮಾಡಿದರೆ?

ಹತ್ತೂ ಸಲ ಅದೇ 99% ಬರುತ್ತದೆ, ಮತ್ತು ನಿನಗೆ ಇನ್ನಷ್ಟು ಧೈರ್ಯ ಬರುತ್ತದೆ. ಯಾಕೆ ಇದರಿಂದ ಪ್ರಯೋಜನವಿಲ್ಲ ಎಂಬುದು ಫೈಲ್ ಹೆಸರುಗಳಲ್ಲೇ ಇದೆ. ಮೂರು ಅಡಿಗೆರೆಗಳ ಮುಂದಿನ ಭಾಗ ನೋಡು. ಟೊಮೆಟೊದ ಎಲೆ ಬೂಸ್ಟಿನ ಚಿತ್ರಗಳು `Crnl_L.Mold` ಎಂದು ಶುರುವಾಗುತ್ತವೆ. ಜೇಡನುಸಿಯವು `Com.G_SpM_FL`. ಹಳದಿ ಎಲೆ ಮುಟುರು ರೋಗದ ಬಹಳಷ್ಟು ಚಿತ್ರಗಳು `UF.GRC_YLCV_Lab`. ಆರೋಗ್ಯವಂತ ಎಲೆಗಳು `RS_HL` ಮತ್ತು `GH_HL`. ಹೆಸರಿನ ಮೊದಲ ತುಂಡು ಚಿತ್ರ ಎಲ್ಲಿಂದ ಬಂತು ಎಂಬುದರ ಗುರುತು ಎಂದು ಓದಿಕೊಳ್ಳುವುದೇ ಸಹಜ. ಹಾಗೆ ಓದಿದರೆ, ಒಂದು ರೋಗ ಒಂದು ಊರಿನಿಂದ ಬಂದಿದೆ, ಆರೋಗ್ಯ ಇನ್ನೊಂದು ಊರಿನಿಂದ ಬಂದಿದೆ.

‘ಎಲೆ ಬೂಸ್ಟು’ ಮತ್ತು ‘ಆ ಊರಿನ ಮೇಜು’ ಇವೆರಡೂ ಸದಾ ಒಟ್ಟಿಗೇ ಬಂದರೆ, ಮಾಡೆಲ್ ಯಾವುದನ್ನು ಕಲಿತಿದೆ ಎಂದು ಈ ಡೇಟಾಸೆಟ್ಟಿನ ಒಳಗೆ ನಿಂತು ಹೇಳಲು ದಾರಿಯೇ ಇಲ್ಲ. ಎಷ್ಟು ಸಲ ಕಲಸಿ ಭಾಗಿಸಿದರೂ ಟ್ರೈನಿಂಗ್‌ನಲ್ಲೂ ಅದೇ ಮೇಜು, ಟೆಸ್ಟ್‌ನಲ್ಲೂ ಅದೇ ಮೇಜು. ನಾನು ‘ಅಕ್ಯುರಸಿ ದಾರಿ ತಪ್ಪಿಸುತ್ತಿದೆ’ ಎಂದು ಷರಾ ಬರೆದದ್ದು ಮುಖ್ಯವಾಗಿ ಇದಕ್ಕೆ. ಸೋರಿಕೆಯನ್ನು ಕೋಡ್ ತಿದ್ದಿ ನಿಲ್ಲಿಸಬಹುದು, ಇದನ್ನು ನಿಲ್ಲಿಸಲಾಗದು. ಹೊರಗಿನ ಚಿತ್ರ ಬೇಕೇ ಬೇಕು.

ನಿನ್ನ ಟೊಮೆಟೊದ ಹತ್ತು ವರ್ಗಗಳಿಗೂ ಊರಿನ ಗುರುತುಗಳಿಗೂ `pd.crosstab` ಹಾಕಿ ಒಂದು ಕೋಷ್ಟಕ ಮಾಡು. ಎರಡಕ್ಕಿಂತ ಹೆಚ್ಚು ಗುರುತು ಇರುವ ವರ್ಗಗಳು ಎಷ್ಟು ಎಂದು ಎಣಿಸು. ಪರೀಕ್ಷಕರ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ಒಂದು ಪುಟ ನಿನ್ನ ವರದಿಯಲ್ಲಿ ಇರಲಾರದು.

### ಹಿನ್ನೆಲೆ ಕತ್ತರಿಸಿದ `segmented` ಆವೃತ್ತಿ ಇದೆಯಲ್ಲ, ಅದನ್ನು ಬಳಸಿದರೆ?

ಬಳಸು, ಆದರೆ ಅದನ್ನು ಪರಿಹಾರ ಎಂದು ಬರೆಯಬೇಡ. ಹಾಳೆ ಹೋಗುತ್ತದೆ, ಎಲೆಯ ಮೇಲೆ ಬಿದ್ದ ಬೆಳಕು ಹೋಗುವುದಿಲ್ಲ. ಮೋಡದ ದಿನ ತೆಗೆದ ಎಲೆಯ ಹಸಿರೂ ಸುಡುಬಿಸಿಲಲ್ಲಿ ತೆಗೆದ ಎಲೆಯ ಹಸಿರೂ ಬೇರೆ. ಕತ್ತರಿಸಿದ ಅಂಚಿನಲ್ಲಿ ಉಳಿದ ನೆರಳಿನ ಗೆರೆ ಕೂಡ ಒಂದು ಗುರುತೇ.

ಹೀಟ್‌ಮ್ಯಾಪ್ ಬಗ್ಗೆಯೂ ಇದೇ ಮಾತು. ನಿನ್ನ ವರದಿಯ ನಾಲ್ಕು ಗ್ರ್ಯಾಡ್-ಕ್ಯಾಮ್ ಚಿತ್ರಗಳಲ್ಲಿ ಕೆಂಪು ಬಣ್ಣ ಕಲೆಗಳ ಮೇಲೆ ಬಿದ್ದಿದೆ, ನಿಜ. ಆದರೆ ನಾಲ್ಕು ಚಿತ್ರಗಳನ್ನು ಆರಿಸಿದವನು ನೀನು. ಮಾಡೆಲ್ ಎಲೆಯ ಕಡೆ ನೋಡಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಎಲೆಯಲ್ಲಿ ಕಲೆ ನೋಡಿತೋ ಬೆಳಕಿನ ಛಾಯೆ ನೋಡಿತೋ ತಿಳಿಯುವುದಿಲ್ಲ.

### ಎಲ್ಲ 38 ವರ್ಗಗಳ ಸರಾಸರಿ ಕೊಡುವುದರಲ್ಲಿ ತಪ್ಪೇನು?

ಮೂಲ ಡೇಟಾಸೆಟ್ಟಿನಲ್ಲಿ ಐದು ಬೆಳೆಗಳಿಗೆ ಒಂದೊಂದೇ ವರ್ಗ. ಕಿತ್ತಳೆಯಲ್ಲಿ ರೋಗದ ಎಲೆ ಮಾತ್ರ (5,507), ಸ್ಕ್ವಾಶ್‌ನಲ್ಲೂ ರೋಗದ್ದು ಮಾತ್ರ (1,835). ಸೋಯಾ (5,090), ಬ್ಲೂಬೆರಿ (1,502), ರಾಸ್ಪ್‌ಬೆರಿ (371) ಮೂರರಲ್ಲೂ ಆರೋಗ್ಯವಂತ ಎಲೆ ಮಾತ್ರ. ಕೂಡಿದರೆ 14,305 ಚಿತ್ರ, ಒಟ್ಟಿನ ಕಾಲು ಭಾಗಕ್ಕೂ ಹೆಚ್ಚು. ಇವುಗಳಲ್ಲಿ ಗಿಡ ಯಾವುದೆಂದು ಗೊತ್ತಾದರೆ ಉತ್ತರ ಸಿಕ್ಕಿಬಿಟ್ಟಿತು, ರೋಗ ಗುರುತಿಸುವ ಪ್ರಶ್ನೆಯೇ ಏಳುವುದಿಲ್ಲ. ನಿಂಬೆ ಜಾತಿಯ ಯಾವುದೇ ಆರೋಗ್ಯವಂತ ಎಲೆಯನ್ನು ಈ ಮಾಡೆಲ್‌ಗೆ ಕೊಟ್ಟು ನೋಡು. ‘ಕಿತ್ತಳೆ, ಆರೋಗ್ಯ’ ಎಂಬ ಉತ್ತರ ಅದರ ಪಟ್ಟಿಯಲ್ಲೇ ಇಲ್ಲ.

ಟೊಮೆಟೊ ರೈತರಿಗೆ ಎಂದು ಬರೆದ ಮೇಲೆ ಟೊಮೆಟೊದ ಹತ್ತು ವರ್ಗಗಳ ಅಂಕಿ ಕೊಡು, ವರ್ಗವಾರು ಕೊಡು. ಅಲ್ಲೂ ಒಂದು ತೊಡಕಿದೆ. ಡೇಟಾಸೆಟ್ಟಿನ ಹಳದಿ ಎಲೆ ಮುಟುರು ರೋಗದ ಹೆಸರು ಟೊಮೆಟೊ ಯೆಲ್ಲೊ ಲೀಫ್ ಕರ್ಲ್ ವೈರಸ್‌ನದು. ನಮ್ಮ ಕಡೆ ಎಲೆ ಮುಟುರು ತರುವ ವೈರಸ್‌ಗಳಲ್ಲಿ ಟೊಮೆಟೊ ಲೀಫ್ ಕರ್ಲ್ ಬೆಂಗಳೂರು ವೈರಸ್ ಎಂಬ, ನಮ್ಮ ಊರಿನ ಹೆಸರನ್ನೇ ಹೊತ್ತ ಪ್ರಭೇದವಿದೆ. ಬಿಳಿನೊಣದಿಂದಲೇ ಹರಡುವ ನೆಂಟ ರೋಗಗಳಾದರೂ ಇವೆರಡೂ ಒಂದೇ ಎಂದು ಬರೆಯುವಂತಿಲ್ಲ.

### ಹಾಗಾದರೆ ನಾನು ಈಗ ಮಾಡಬೇಕಾದದ್ದು ಏನು? ಸಲ್ಲಿಕೆಗೆ ಉಳಿದಿರುವುದು ಕೆಲವೇ ವಾರ.

ಮಾಡೆಲ್ ಬದಲಿಸುವ ಗೋಜಿಗೆ ಹೋಗಬೇಡ. ಇರುವ ಮಾಡೆಲ್ಲನ್ನೇ ಅಳೆಯಲು ತೋಟದ ಚಿತ್ರಗಳ ಸಣ್ಣ ಟೆಸ್ಟ್ ಸೆಟ್ ಒಂದನ್ನು ಮಾಡಿಕೋ. ಇನ್ನೂರು ಚಿತ್ರ ಸಾಕು: ಆರೋಗ್ಯವಂತ ಎಲೆಯೂ ಸೇರಿ ಟೊಮೆಟೊದ ಐದು ವರ್ಗ, ವರ್ಗಕ್ಕೆ 40. ಕನಿಷ್ಠ ನಾಲ್ಕು ಹೊಲಗಳಿಗೆ ಹೋಗು, ಒಂದು ಹೊಲದಿಂದ ಒಂದು ವರ್ಗಕ್ಕೆ ಹತ್ತಕ್ಕಿಂತ ಹೆಚ್ಚು ತೆಗೆಯಬೇಡ, ಒಂದು ಗಿಡಕ್ಕೆ ಒಂದೇ ಫೋಟೊ. ಎಲೆ ಗಿಡದ ಮೇಲೇ ಇರಲಿ, ಕೀಳಬೇಡ, ಹಿಂದೆ ಹಾಳೆ ಹಿಡಿಯಬೇಡ. ರೈತ ಫೋನ್ ಹಿಡಿದು ನಿಂತಾಗ ಕಾಣುವುದೇ ಕಾಣಲಿ: ಮಣ್ಣು, ಕೋಲು, ದಾರ, ಬೆರಳು, ಔಷಧಿಯ ಬಿಳಿ ಕಲೆ.

ಎಲ್ಲರೂ ಎಡವುವ ಜಾಗ ಒಂದಿದೆ. ರೋಗದ ಎಲೆಗಳನ್ನು ಹೊಲದಲ್ಲಿ ತೆಗೆದು, ಆರೋಗ್ಯವಂತ ಎಲೆಗಳನ್ನು ಮನೆಯ ಕುಂಡದ ಗಿಡದಿಂದ ತೆಗೆದರೆ, ಪ್ಲಾಂಟ್‌ವಿಲೇಜ್‌ನ ದೋಷವನ್ನೇ ನಿನ್ನ ಕೈಯಾರೆ ಮತ್ತೆ ಮಾಡಿದಂತೆ. ರೋಗದ ಎಲೆ ಸಿಕ್ಕ ಹೊಲದಲ್ಲೇ, ಅದೇ ಹೊತ್ತಿನಲ್ಲಿ, ಅದೇ ಫೋನಿನಲ್ಲಿ ಆರೋಗ್ಯವಂತ ಎಲೆಯನ್ನೂ ತೆಗೆ. ತಡ ಅಂಗಮಾರಿ ತಂಪು, ತೇವದ ಹವೆಯಲ್ಲಿ ಬರುವ ರೋಗ, ಬಿರುಬೇಸಿಗೆಯಲ್ಲಿ ಹುಡುಕಿದರೆ ಸಿಗದಿರಬಹುದು. ಸಿಗದಿದ್ದರೆ ಆ ವರ್ಗವನ್ನು ಖಾಲಿ ಬಿಟ್ಟು ಹಾಗೆಂದು ಬರೆ, ಅಂತರ್ಜಾಲದ ಚಿತ್ರ ತಂದು ತುಂಬಬೇಡ.

ರೋಗದ ಹೆಸರು ನೀನೇ ಬರೆಯುವಂತಿಲ್ಲ. ಮೊದಲ ಅಂಗಮಾರಿಯ ಉಂಗುರ ಕಲೆಯನ್ನೂ ಸೆಪ್ಟೋರಿಯಾ ಎಲೆಚುಕ್ಕೆಯ ಸಣ್ಣ ಬೂದು ಚುಕ್ಕೆಯನ್ನೂ ಫೋಟೊದಲ್ಲಿ ಅದಲುಬದಲು ಮಾಡುವುದು ಸುಲಭ. ಕೃಷಿ ವಿಜ್ಞಾನ ಕೇಂದ್ರದ ಅಥವಾ ತೋಟಗಾರಿಕೆ ಕಾಲೇಜಿನ ಸಸ್ಯರೋಗ ತಜ್ಞರೊಬ್ಬರಿಗೆ, ಮಾಡೆಲ್ಲಿನ ಉತ್ತರ ತೋರಿಸದೆ, ಚಿತ್ರಗಳನ್ನಷ್ಟೇ ಕೊಟ್ಟು ಹೆಸರು ಬರೆಸಿಕೋ. ‘ಹೇಳಲಾಗದು’ ಎಂಬ ಆಯ್ಕೆಯನ್ನೂ ಕೊಡು. ತಜ್ಞರೇ ಹೇಳಲಾಗದ ಚಿತ್ರಗಳನ್ನು ಬೇರೆ ಎಣಿಸು.

ಆಮೇಲೆ ಮಾಡೆಲ್ಲನ್ನು ಒಂದೇ ಸಲ ಓಡಿಸು. ಅಂಕಿ ಕಡಿಮೆ ಬಂತೆಂದು ಲರ್ನಿಂಗ್ ರೇಟ್ ತಿದ್ದಿ, ಮತ್ತೆ ಓಡಿಸಿ, ಮತ್ತೆ ತಿದ್ದಿದರೆ ಆ ಇನ್ನೂರು ಚಿತ್ರಗಳೂ ಟ್ರೈನಿಂಗ್ ಸೆಟ್ ಆಗಿಬಿಡುತ್ತವೆ.

### ಹೊಲಕ್ಕೆ ಹೋಗಲು ಆಗದಿದ್ದರೆ ಸಿದ್ಧ ಡೇಟಾಸೆಟ್ ಇದೆಯೇ?

ಗಾಂಧಿನಗರದ ಐಐಟಿಯವರು 2020ರಲ್ಲಿ ಪ್ರಕಟಿಸಿದ ಪ್ಲಾಂಟ್‌ಡಾಕ್ ಇದೆ, 13 ಬೆಳೆಗಳ 2,598 ಚಿತ್ರ, ಸಹಜ ಹಿನ್ನೆಲೆಯವು. ಅಂತರ್ಜಾಲದಿಂದ ಕೂಡಿಸಿದ್ದರಿಂದ ಕೆಲವಕ್ಕೆ ಹೆಸರು ತಪ್ಪಾಗಿ ಬಿದ್ದಿದೆ, ವರ್ಗಗಳ ಹೆಸರೂ ನಿನ್ನವಕ್ಕೆ ನೇರ ಹೊಂದುವುದಿಲ್ಲ. ಟೊಮೆಟೊ ವರ್ಗಗಳನ್ನು ಕೈಯಲ್ಲೇ ಹೊಂದಿಸಿ, ಚಿತ್ರಗಳನ್ನು ಒಮ್ಮೆ ಕಣ್ಣಾಡಿಸಿ ಬಳಸು. ಹೊಲದ ಇನ್ನೂರು ಚಿತ್ರಗಳಿಗೆ ಇದು ಸಮವಲ್ಲ, ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

### ತೋಟದ ಟೆಸ್ಟ್‌ನಲ್ಲಿ 60% ಬಂದರೆ ಅಂಕ ಕಡಿಮೆಯಾಗುವುದಿಲ್ಲವೇ? ವರದಿಯಲ್ಲಿ ಹೇಗೆ ಬರೆಯಲಿ?

ನಾನು ಅಂಕ ಕೊಡುವುದು ಅಳತೆಗೆ. ಬರಿ 60% ಎಂದು ಬರೆಯಬೇಡ: 200 ಚಿತ್ರಗಳಲ್ಲಿ 60% ಎಂದರೆ ನಿಜವಾದ ಅಂಕಿ ಸುಮಾರು 53ರಿಂದ 67%ರ ನಡುವೆ ಎಲ್ಲಾದರೂ ಇರಬಹುದು, ಒಂದೊಂದು ವರ್ಗಕ್ಕೆ 40 ಚಿತ್ರದಲ್ಲಿ 60% ಎಂದರೆ ಸುಮಾರು 45ರಿಂದ 75%ರ ನಡುವೆ. ಒಂದೇ ಹೊಲದ ಚಿತ್ರಗಳು ಒಂದನ್ನೊಂದು ಹೋಲುವುದರಿಂದ ನಿಜವಾದ ಅನುಮಾನದ ಅಗಲ ಇದಕ್ಕಿಂತ ಹೆಚ್ಚೇ ಇರುತ್ತದೆ, ಅದಕ್ಕೇ ಹೊಲವಾರು ಅಂಕಿಯನ್ನೂ ಕೊಡು.

ಫಲಿತಾಂಶದ ಕೋಷ್ಟಕದಲ್ಲಿ ನಾಲ್ಕು ಸಾಲು ಸಾಕು: ಕ್ಯಾಗಲ್ ಭಾಗದಲ್ಲಿ ಬಂದದ್ದು, ಎಲೆವಾರು ಭಾಗಿಸಿದಾಗ ಬಂದದ್ದು, ಎಂಟು ಪಿಕ್ಸೆಲ್‌ಗೆ ಬಂದದ್ದು, ಹೊಲದಲ್ಲಿ ಬಂದದ್ದು. ಸಾರಾಂಶದಲ್ಲಿ ಮೊದಲು ಹೊಲದ ಅಂಕಿ ಬರಲಿ. ‘ಕೋಲಾರದ ಬೆಳೆಗಾರರಿಗೆ’ ಎಂಬ ಸಾಲನ್ನು ಸದ್ಯಕ್ಕೆ ತೆಗೆದು, ‘ಪ್ಲಾಂಟ್‌ವಿಲೇಜ್‌ನಲ್ಲಿ ಕಲಿತ ಮಾಡೆಲ್ ಹೊಲದ ಟೊಮೆಟೊ ಎಲೆಗಳ ಮೇಲೆ ಹೇಗೆ ನಡೆಯುತ್ತದೆ’ ಎಂದು ಬದಲಿಸು. ಶೀರ್ಷಿಕೆ ಬದಲಾವಣೆಯ ಅರ್ಜಿಗೆ ನಾನು ಸಹಿ ಹಾಕುತ್ತೇನೆ. ಊರಿನ ಗುರುತಿನ ಕೋಷ್ಟಕವನ್ನೂ ಎಂಟು ಪಿಕ್ಸೆಲ್‌ನ ಅಂಕಿಯನ್ನೂ ಅದರ ಜೊತೆಗೇ ತಾ.